ಹಾವಾದ ಮಗು ಹಸಿವಿನಿಂದ ಕೂತದ್ದು

“ಆಹಾರ ಸರಪಳಿಯ ಆಟವನ್ನು ಹುಲ್ಲು, ಮಿಡತೆ, ಕಪ್ಪೆ, ಹಾವು ಎಂದು ನಾಲ್ಕು ಗುಂಪು ಮಾಡಿ ಆಡಿಸಿದೆ, ಎರಡೇ ನಿಮಿಷಕ್ಕೆ ಆಟ ಮುಗಿಯಿತು. ಎಲ್ಲಿ ತಪ್ಪಿತು?”

ಟೀಚರೇ, ಗುಂಪುಗಳನ್ನು ಸಮ ಮಾಡಿದ್ದೀರೆಂದು ಕಾಣುತ್ತದೆ. ಬದಿಯಡ್ಕದ ಹತ್ತಿರ ಬೇಸಿಗೆ ಶಿಬಿರದಲ್ಲಿ ನಾನೂ ಏಳೇಳು ಮಕ್ಕಳನ್ನು ಹಂಚಿದ್ದೆ. ಕಪ್ಪೆಗಳು ಮಿಡತೆಗಳನ್ನೆಲ್ಲ ಮುಗಿಸಿದವು, ಹುಲ್ಲಾದವರು ಆಕಳಿಸುತ್ತಾ ನಿಂತರು.

ಮರುದಿನ 28 ಮಕ್ಕಳಲ್ಲಿ ಹುಲ್ಲು 16, ಮಿಡತೆ 8, ಕಪ್ಪೆ 3, ಹಾವು 1. ಹುಲ್ಲು ನಿಂತಲ್ಲೇ ನಿಲ್ಲಬೇಕು, ಕೈಯಲ್ಲೊಂದು ತೆಂಗಿನ ಗರಿ. ಉಳಿಯಲು ಮಿಡತೆಗೆ ಒಂದು ಗರಿ, ಕಪ್ಪೆಗೆ ಎರಡು ಮಿಡತೆ, ಹಾವಿಗೆ ಒಂದು ಕಪ್ಪೆ ಸಿಗಬೇಕು. ಸಿಕ್ಕಿಬಿದ್ದವರೂ ಹಸಿದವರೂ ಸುಣ್ಣದ ಗೆರೆಯಾಚೆ ಕೂತು, ಮುಂದಿನ ಸುತ್ತಿಗೆ ಹುಲ್ಲಾಗಿ ಬರುತ್ತಾರೆ. ಸತ್ತದ್ದು ಮಣ್ಣಾಗಿ ಹುಲ್ಲಿಗೇ ಸಲ್ಲುತ್ತದಲ್ಲ!

ಮೊದಲ ಸುತ್ತಿನಲ್ಲಿ 8 ಹುಲ್ಲು, 6 ಮಿಡತೆ, 1 ಕಪ್ಪೆ ಹೋದವು. ಎರಡನೆಯದಕ್ಕೆ ಹುಲ್ಲು 23, ಮಿಡತೆ ಎರಡೇ. ಒಂದು ಕಪ್ಪೆ ಎರಡನ್ನೂ ಹಿಡಿಯಿತು, ಇನ್ನೊಂದು ಹಸಿದು ಕೂತಿತು. ಉಳಿದ ಕಪ್ಪೆ ಹಾವಿಗಾಯಿತು. ಮೂರನೆಯ ಸುತ್ತಿಗೆ ಹಾವಾಗಿದ್ದ ಹುಡುಗಿ, “ಮಾಷೇ, ನಂಗೆ ತಿನ್ಲಿಕ್ಕೇ ಇಲ್ಲ, ಸುತ್ತ ಬರೀ ಹುಲ್ಲು!” ಎಂದು ಗೆರೆಯಾಚೆ ಹೋಗಿ ಕೂತಳು. ಅವಳನ್ನು ಯಾರೂ ಮುಟ್ಟಿರಲಿಲ್ಲ.

ಆಟ ಹೆಚ್ಚು ಹೊತ್ತು ನಡೆಯಬೇಕಿದ್ದರೆ, ಹೊಟ್ಟೆ ತುಂಬಿದ ಪ್ರತಿ ಮಿಡತೆಯೂ ಗೆರೆಯಾಚೆಯಿಂದ ಇಬ್ಬರನ್ನು ಮರಿಗಳಾಗಿ ಕರೆದುಕೊಳ್ಳಲಿ. ಜೋರಾಗಿ ಓಡುವವನನ್ನು ಮಾತ್ರ ಹಾವು ಮಾಡಬೇಡಿ. ನಮ್ಮಲ್ಲಿ ಒಬ್ಬನನ್ನು ಕುಂಟಿಸಿಯೇ ಓಡಿಸಬೇಕಾಯಿತು.