ದರದ ವ್ಯತ್ಯಾಸ, ಬಳಕೆಯ ವ್ಯತ್ಯಾಸ: ಬೇರೆ ಬೇರೆ ಮಾಡಬೇಕೇ?

ಪರ: ಬೇರೆ ಮಾಡದಿದ್ದರೆ ಏನೂ ಕಾಣಿಸಲ್ಲ

ರಾಮನಗರದ ಮಾರುಕಟ್ಟೆಯಲ್ಲಿ ರೇಷ್ಮೆ ಗೂಡು ಕೊಂಡು ನೂಲು ಬಿಚ್ಚುವ ಒಂದು ಘಟಕ ಇದೆ ಅಂದುಕೊಳ್ಳಿ. ಲೆಕ್ಕಕ್ಕೆ ದುಂಡು ಅಂಕಿ ಹಿಡಿಯೋಣ. ಸ್ಟ್ಯಾಂಡರ್ಡ್ ದರ, ಅಂದರೆ ಮೊದಲೇ ಅಂದಾಜು ಮಾಡಿಟ್ಟ ದರ, ಕಿಲೋಗೆ 500 ರೂಪಾಯಿ, ರೆಂಡಿಟ್ಟಾ 7. ಅಂದರೆ ಒಂದು ಕಿಲೋ ನೂಲಿಗೆ 7 ಕಿಲೋ ಗೂಡು. 100 ಕಿಲೋ ನೂಲಿಗೆ 700 ಕಿಲೋ ಗೂಡು, ಖರ್ಚು 3,50,000.

ಈ ಸಲ ಗೂಡು 450ಕ್ಕೇ ಸಿಕ್ಕಿತು. ಆದರೆ 800 ಕಿಲೋ ಹಿಡಿಯಿತು. ಖರ್ಚು 3,60,000. ಹತ್ತು ಸಾವಿರ ಜಾಸ್ತಿ, ಅಷ್ಟೇ ಅಲ್ವಾ ಅಂತ ಮಾಲೀಕರು ಸುಮ್ಮನಾಗಬಹುದು.

ಬಿಡಿಸಿ ನೋಡಿ. ದರದಲ್ಲಿ ಕಿಲೋಗೆ 50ರಂತೆ 800 ಕಿಲೋಗೆ 40,000 ಉಳಿತಾಯ. ಬಳಕೆಯಲ್ಲಿ 100 ಕಿಲೋ ಹೆಚ್ಚು, ಸ್ಟ್ಯಾಂಡರ್ಡ್ ದರದಲ್ಲಿ 50,000 ನಷ್ಟ. ಒಳಗೆ ಇಷ್ಟು ದೊಡ್ಡ ಏರುಪೇರು ನಡೆದಿದ್ದು ಹತ್ತು ಸಾವಿರದ ಹಿಂದೆ ಅಡಗಿತ್ತು.

ಬಳಕೆಗೆ ಸ್ಟ್ಯಾಂಡರ್ಡ್ ದರವನ್ನೇ ಹಾಕೋದಕ್ಕೂ ಕಾರಣ ಇದೆ. ನಾಳೆ ಗೂಡಿನ ದರ 600ಕ್ಕೆ ಏರಿದರೆ ಅದು ಬಿಚ್ಚುವವರ ತಪ್ಪಲ್ಲ. ಅವರು ಉತ್ತರ ಹೇಳಬೇಕಾದ್ದು ಕಿಲೋಗಳಿಗೆ ಮಾತ್ರ.

ವಿರೋಧ: ಆ 100 ಕಿಲೋ ಯಾರದ್ದು?

ಲೆಕ್ಕ ಸರಿ, ತೀರ್ಪು ತಪ್ಪು. ಗೂಡು 450ಕ್ಕೆ ಸುಮ್ನೆ ಸಿಗಲ್ಲ. ತೆಳು ಗೂಡು, ಕಲೆ ಗೂಡು, ಎಳೆ ಹರಿಯುವ ಗೂಡು ಇರುವ ಲಾಟಿಗೇ ಆ ದರ. ರೆಂಡಿಟ್ಟಾ 8ಕ್ಕೆ ಏರಿದ್ದು ಹೆಚ್ಚುಪಾಲು ಹರಾಜಿನಲ್ಲೇ ತೀರ್ಮಾನವಾಗಿತ್ತು. ಆದರೂ ವರದಿಯಲ್ಲಿ ಕೊಂಡವರಿಗೆ ಶಹಬ್ಬಾಸ್, ಬಿಚ್ಚಿದವರಿಗೆ ಬೈಗುಳ.

ಇನ್ನೊಂದು ವಿಚಿತ್ರ ನೋಡಿ. ಆ 40,000 ಉಳಿತಾಯದಲ್ಲಿ 5,000 ಬಂದಿದ್ದು ಹೆಚ್ಚುವರಿ 100 ಕಿಲೋ ಮೇಲೆ. ಆ ಗೂಡು ಬೇಕಾಗಿಯೇ ಇರಲಿಲ್ಲ. ದರ ಮತ್ತು ಬಳಕೆ ಎರಡೂ ಸೇರಿ ಹುಟ್ಟಿದ ಈ ಮೊತ್ತವನ್ನು ರೂಢಿಯ ಪ್ರಕಾರ ದರದ ಖಾತೆಗೇ ಹಾಕುತ್ತಾರೆ. ಹಾಗಾಗಿ ಗೂಡು ಎಷ್ಟು ಹಾಳಾದರೆ ಕೊಂಡವರ ಉಳಿತಾಯ ಅಷ್ಟು ದೊಡ್ಡದಾಗಿ ಕಾಣುತ್ತದೆ!

ಅನುಭವಿ ರೀಲರ್ ಹೀಗೆ ಯೋಚಿಸಲ್ಲ. ಲಾಟಿನಿಂದ ಒಂದು ಹಿಡಿ ಗೂಡು ಎತ್ತಿ, ಅದುಮಿ, ಒಂದೆರಡು ಕತ್ತರಿಸಿ ನೋಡಿ ರೆಂಡಿಟ್ಟಾ ಅಂದಾಜು ಮಾಡುತ್ತಾರೆ. ಆಮೇಲೆ ದರಕ್ಕೆ ಅದನ್ನು ಗುಣಿಸುತ್ತಾರೆ. ಸ್ಟ್ಯಾಂಡರ್ಡ್ ಪ್ರಕಾರ ಒಂದು ಕಿಲೋ ನೂಲಿಗೆ ಗೂಡಿನ ಖರ್ಚು 3,500. ರೆಂಡಿಟ್ಟಾ 8 ಬರುವ ಲಾಟಿಗೆ 437.50ಕ್ಕಿಂತ ಜಾಸ್ತಿ ಕೊಟ್ಟರೆ ನಷ್ಟ. ನಮ್ಮವರು 450 ಕೊಟ್ಟರು, ಕಥೆ ಅಲ್ಲೇ ಮುಗಿಯಿತು.

ಬಿಡಿಸಿದ ಲೆಕ್ಕ ಪೂರ್ತಿ ಬೇಡ ಅನ್ನಲ್ಲ. ಒಂದೇ ಗುಣಮಟ್ಟದ ಮಾಲಿನ ದರ ಮಾತ್ರ ಏರಿಳಿದರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಗೂಡಿನಲ್ಲಿ ಹಾಗಾಗಲ್ಲ. 540ರ ಒಳ್ಳೆ ಲಾಟಿಗೆ ರೆಂಡಿಟ್ಟಾ 6.3 ಬಂದರೆ ಕಿಲೋ ನೂಲಿಗೆ ಬೀಳೋದು 3,402 ಮಾತ್ರ. ಆದರೆ 100 ಕಿಲೋ ನೂಲಿನ ವರದಿಯಲ್ಲಿ ಖರೀದಿಯವರ ಹೆಸರಿನ ಮುಂದೆ 25,200 ನಷ್ಟ ಅಂತ ಬರುತ್ತದೆ. ಬೋನಸ್ಸು ಆ ಅಂಕಿಯ ಮೇಲೆ ನಿಂತಿದ್ದರೆ, ಅಂಥ ಲಾಟಿಗೆ ಅವರು ಬಿಡ್ ಹಾಕೋದೇ ಇಲ್ಲ.