ಒಂದು ಕೆಜಿ ತೂಗೋ ಖಾಲಿ ಚೀಲ

ಹೋದ ವಾರ ಕುಷ್ಟಗಿ ಕಡೆಯಿಂದ ನಮ್ಮ ಕಾಕಾ ವಾಟ್ಸಾಪಿಗೆ ಎರಡು ಫೋಟೊ ಕಳಿಸಿದ್ರು. ಒಂದು ವೇಬ್ರಿಡ್ಜ್ ಚೀಟಿ, ಗಾಡಿ ನಂಬರು, ತಾರೀಕು, ತುಂಬಿದ ತೂಕ, ಖಾಲಿ ತೂಕ ಎಲ್ಲಾ ನೀಟಾಗಿ ಪ್ರಿಂಟ್ ಆಗಿದ್ದು. ಇನ್ನೊಂದು ಬಿಳಿ ಚೀಟಿ. ಬಿಳಿ ಚೀಟಿ ಅಂದ್ರೆ ಏನು ಅಂತ ನಮ್ಮ ಕಡೆಯವ್ರಿಗೆ ಬಿಡಿಸಿ ಹೇಳೋದೇನು ಬೇಕಿಲ್ಲ, ಅದರ ಮೇಲೆ ಅಂಗಡಿ ಹೆಸರಿರಲ್ಲ, ಸಹಿ ಇರಲ್ಲ, ಶಿಕ್ಕಾ ಇರಲ್ಲ, ಕೆಳಗೆ ಒಂದು ಗೆರಿ ಎಳೆದು ಬರೆದ ರೊಕ್ಕ ಮಾತ್ರ ಇರ್ತದೆ.

ಆಮೇಲೆ ಫೋನು. "ತಮ್ಮಾ, ಅರವತ್ತು ಚೀಲ ಶೇಂಗಾ ಹಾಕೀನಿ, ಕ್ವಿಂಟಲ್‌ಗೆ ಆರೂವರೆ ಸಾವಿರ ಅಂತ ಮಾತಾಗಿತ್ತು, ಕೈಗೆ ಒಂದು ಲಕ್ಷ ಮೂವತ್ತೈದು ಸಾವಿರದ ಒಂಬತ್ತು ರೂಪಾಯಿ ಕೊಟ್ಟಾರ. ನೀ ಪೇಪರಿಗೆಲ್ಲಾ ಬರೀತೀಯಲ್ಲ, ಸಾವ್ಕಾರ್‌ಗೊಂದು ಲೆಟರ್ ಬರದು ಕೊಡಪಾ."

ಆ ಒಂಬತ್ತು ರೂಪಾಯಿ ನೋಡಿ ನನಗೆ ಎದೆ ತುಂಬಿ ಬಂತು. ಹದಿಮೂರು ಸಾವಿರ ಮುರ್ಕೊಂಡವ್ರು ಒಂಬತ್ತು ರೂಪಾಯಿನೂ ಬಿಡದೆ ಎಣಿಸಿ ಕೊಟ್ಟಾರಂದ್ರೆ ಎಂಥಾ ಪ್ರಾಮಾಣಿಕರು! ಇಂಥವ್ರಿಗೆ ಖಾರವಾಗಿ ಬರೆಯೋಕೆ ಮನಸ್ಸು ಬರಲ್ಲ, ಹಂಗಾಗಿ ಕಾಕಾನ ಹೆಸರಲ್ಲಿ ಮೆತ್ತಗೆ ಶುರು ಮಾಡಿದೆ.

"ಸಾವ್ಕಾರ್ರೆ, ನಮಸ್ಕಾರ. ವೇಬ್ರಿಡ್ಜ್ ಪ್ರಕಾರ ಗಾಡಿ ತುಂಬಿದಾಗ 5,970 ಕೆಜಿ, ಖಾಲಿಯಾದಾಗ 3,570 ಕೆಜಿ, ಚೀಲ ಸಮೇತ ಮಾಲು 2,400 ಕೆಜಿ. ಇದರ ಬಗ್ಗೆ ನನ್ನ ತಕರಾರಿಲ್ಲ. ನೀವು ಚೀಲದ ತೂಕ ಅಂತ ಒಂದೊಂದಕ್ಕೆ ಒಂದು ಕೆಜಿ, 60 ಕೆಜಿ ತೆಗೆದ್ರಿ. ಅದೇ ಥರದ ಹತ್ತು ಖಾಲಿ ಚೀಲ ನಾನು ನಮ್ಮೂರ ಕಿರಾಣಿ ಅಂಗಡಿ ತಕ್ಕಡಿಗೆ ಹಾಕಿಸಿದೆ, ಹತ್ತೂ ಸೇರಿ ಆರು ಕೆಜಿ ಬಂದ್ವು. ಅರವತ್ತಕ್ಕೆ 36 ಕೆಜಿ ಆಯ್ತು. ಅಂದ್ರೆ ಶೇಂಗಾ 2,364 ಕೆಜಿ. ಇದರ ಮೇಲೆ ಸೂಟು ಅಂತ ಚೀಲಕ್ಕೆ ಮತ್ತೊಂದು ಕೆಜಿ, ಇನ್ನೊಂದು 60 ಕೆಜಿ ತೆಗೆದೀರಿ. ಇದು ಯಾವುದರ ತೂಕ ಅಂತ ತಿಳೀಲಿಲ್ಲ."

ನನಗೂ ತಿಳಿದಿಲ್ಲ. ಸೂಟು ಯಾಕೆ ತೆಗೀತೀರಿ ಅಂತ ಕೇಳಿದ್ರೆ ಒಬ್ಬ ಕಲ್ಲು ಮಣ್ಣಿಗೆ ಅಂತಾನೆ, ಒಬ್ಬ ಸೋರಿದ್ದಕ್ಕೆ ಅಂತಾನೆ, ಒಬ್ಬ ಮೊದಲಿಂದ ಐತ್ರಿ ಅಂತಾನೆ. ಸೋರಿದ್ದು ಎಲ್ಲಿ ಅಂತ ಅವತ್ತು ಗಾಡಿ ಜೊತೆ ಹೋದ ಕಾಕಾನ ಮಗ ಹೇಳಿದ. ಗೇಟಿನವ ಒಂದು ಹಿಡಿ ತಗೊಂಡ, ಗುಮಾಸ್ತ ಸ್ಯಾಂಪಲ್ ಅಂತ ಎರಡು ಹಿಡಿ ತಗೊಂಡು ಒಂದು ಹಿಡಿ ಅಲ್ಲೇ ಒಡ್ಕೊಂಡು ತಿಂದ, ಚಾ ತಂದ ಹುಡುಗ ಕಿಸೆ ತುಂಬಿಸ್ಕೊಂಡ, ಇನ್ನೊಂದು ವ್ಯಾಪಾರಕ್ಕೆ ಬಂದವ್ರು ಯಾರೋ ಬೆಲ್ಲ ಐತೇನ್ರಿ ಅಂತ ಕೇಳಿದ್ರಂತೆ. ಮಾಲು ಹಸಿ ಐತಿ ಅಂದ ಮಂದಿಯಲ್ಲಿ ಒಬ್ಬನೂ ಹಸಿ ಅಂತ ಉಗುಳಲಿಲ್ಲ ನೋಡ್ರಿ.

ಹಸಿ ವಿಷಯಕ್ಕೆ ಬರೋಣ, ದೊಡ್ಡ ರೊಕ್ಕ ಇರೋದು ಅಲ್ಲೇ.

ಇದರಲ್ಲಿ ಸಾವ್ಕಾರ್ರದ್ದು ಪೂರ್ತಿ ಸುಳ್ಳು ಅನ್ನಂಗಿಲ್ಲ. ಹಸಿ ಶೇಂಗಾ ಗೋಡೌನಿಗೆ ಹಾಕಿದ್ರೆ ಬೂಸ್ಟು ಹಿಡೀತದೆ, ಅದರಿಂದ ಅಫ್ಲಾಟಾಕ್ಸಿನ್ ಅನ್ನೋ ವಿಷ ಆಗ್ತದೆ, ಅದು ಖರೇ. ಬೆಂಬಲ ಬೆಲೆ ಖರೀದಿ ಕೇಂದ್ರದಲ್ಲೂ ತೇವಾಂಶ 8 ಪರ್ಸೆಂಟ್ ಒಳಗೇ ಇರಬೇಕು. (2025-26ಕ್ಕೆ ಆ ಬೆಂಬಲ ಬೆಲೆ 7,263 ರೂಪಾಯಿ, ಕಾಕಾ ಹೊರಗೆ ಆರೂವರೆ ಸಾವಿರಕ್ಕೆ ಯಾಕೆ ಕೊಟ್ಟ ಅಂತ ಕೇಳಬೇಡಿ, ಅದು ಇನ್ನೊಂದು ಲೆಟರ್.) ಕಾಕಾ ಒಣಗಿದ್ದು ನೋಡೋದು ಕಿವಿಯಿಂದ, ಕಾಯಿ ಅಲ್ಲಾಡಿಸಿದ್ರೆ ಒಳಗೆ ಕಾಳು ಗಲಗಲ ಅನ್ನಬೇಕು, ಕಾಳು ತಿಕ್ಕಿದ್ರೆ ಕೆಂಪು ಸಿಪ್ಪೆ ಬಿಡಬೇಕು. ಆದ್ರೆ ಗಲಗಲ ಅನ್ನೋದಕ್ಕೆ ಪರ್ಸೆಂಟ್ ಇಲ್ಲ, ತೇವಾಂಶ ನೋಡೋ ಮೀಟರಿಗೆ ಐತಿ, ಹಂಗಾಗಿ ಮೀಟರ್ ಗೆದ್ದಿತು.

"ಗಾಡಿ ಹಿಂದಿನ ತುದಿಯ ಒಂದೇ ಚೀಲದಿಂದ ಸ್ಯಾಂಪಲ್ ತೆಗೆದ್ರಿ. ರಾತ್ರಿ ತಾಡಪತ್ರಿ ಸರಿದು ಇಬ್ಬನಿ ಬಿದ್ದಿದ್ದು ಅದೇ ಚೀಲಕ್ಕೆ. ನಾಲ್ಕೈದು ಕಡೆಯ ಚೀಲದಿಂದ ತೆಗೆದು ಕಲಸಿ ಅದರಲ್ಲಿ ಒಂದು ಹಿಡಿ ನೋಡಬೇಕಿತ್ತು. ಮೀಟರಿನಲ್ಲಿ ಒಂದೊಂದು ಕಾಳಿಗೆ ಒಂದೊಂದು ಸೆಟ್ಟಿಂಗ್ ಇರ್ತದೆ, ಅವತ್ತು ಅದು ಶೇಂಗಾಕ್ಕೆ ಇತ್ತೋ ಬೆಳಿಗ್ಗೆ ಬಂದ ಮೆಕ್ಕೆಜೋಳಕ್ಕೆ ಇತ್ತೋ ಅಂತ ನನ್ನ ಮಗ ಕೇಳಿದ್ದಕ್ಕೆ ಗುಮಾಸ್ತರು ಸಿಟ್ಟಾದ್ರು. ಮೊದಲ ಸಲ 11 ತೋರಿಸ್ತು, ಎರಡನೇ ಸಲ 9.4 ತೋರಿಸ್ತು, ನೀವು 11 ಬರ್ಕೊಂಡ್ರಿ. ಇರ್ಲಿ, ಜಗಳ ಬೇಡ, 11 ಅಂತಾನೇ ಹಿಡೀರಿ.

11 ಅಂದ್ರೆ ಕ್ವಿಂಟಲ್‌ನಲ್ಲಿ 11 ಕೆಜಿ ನೀರು, 89 ಕೆಜಿ ಒಣ ಮಾಲು. ಅದನ್ನ 8ಕ್ಕೆ ಒಣಗಿಸಿದ್ರೆ ನೀರು ಹೋಗ್ತದೆ, 89 ಕೆಜಿ ಒಣ ಮಾಲು ಎಲ್ಲಿಗೂ ಹೋಗಲ್ಲ, ಅದೇ ಆಗ ನೂರಕ್ಕೆ 92 ಪಾಲು ಆಗ್ತದೆ. 89ನ್ನ 92ರಿಂದ ಭಾಗಿಸಿ ನೂರರಿಂದ ಗುಣಿಸಿದ್ರೆ 96 ಕೆಜಿ 740 ಗ್ರಾಂ. ನಿಮಗೆ ಲುಕ್ಸಾನು ಕ್ವಿಂಟಲ್‌ಗೆ 3 ಕೆಜಿ 260 ಗ್ರಾಂ. ನೀವು ಪರ್ಸೆಂಟಿಗೆ ಎರಡು ಕೆಜಿಯಂತೆ 6 ಕೆಜಿ ಮುರಿದೀರಿ."

ಇಲ್ಲಿ ಕಾಕಾ ನನ್ನ ತಡೆದ. "ಮೂರು ಪರ್ಸೆಂಟ್ ಹೆಚ್ಚಿಗಿ ಇದ್ರ ಮೂರೇ ಕೆಜಿ ಅಲ್ಲೇನೋ, ಆ 260 ಗ್ರಾಂ ಯಾಕ ಬಿಡ್ತಿ?" ಲೆಕ್ಕ ಹಂಗೇ ಐತಿ ಕಾಕಾ, ಅದು ಅವ್ರಿಗೆ ಸೇರಬೇಕಾದ್ದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಹಂಗಾರ ಬರಿ" ಅಂದ. ಮುಂದಿನದು ಅವನೇ ಹೇಳಿ ಬರೆಸಿದ್ದು.

"ಎರಡು ವರ್ಷದ ಹಿಂದೆ ಬಿಸಿಲು ಜೋರಿತ್ತು, ಇದೇ ನಿಮ್ಮ ಮೀಟರ್ ನನ್ನ ಶೇಂಗಾಕ್ಕೆ 6 ತೋರಿಸಿತ್ತು. ಇದೇ ಲೆಕ್ಕ ಹಿಡಿದ್ರೆ ಅವತ್ತು ಕ್ವಿಂಟಲ್‌ಗೆ ಎರಡು ಕೆಜಿ ಮೇಲೆ ನನಗೆ ಕೂಡಿಸಿ ಕೊಡಬೇಕಿತ್ತು. ಮಾಲು ಭಾಳ ಚಲೋ ಐತಿ ಅಂತ ಚಾ ಕುಡಿಸಿದ್ರಿ."

ತೂಕದಲ್ಲಿ ನೀರು ಮುರಿದ ಮೇಲೆ, ಮಾಲು ಹಸಿ ಅಂತ ರೇಟಲ್ಲೂ ಕ್ವಿಂಟಲ್‌ಗೆ ಇನ್ನೂರು ಮುರಿದಾರೆ. ಇದನ್ನ ತಮಾಷೆ ಮಾಡಿ ಬರೆಯೋಕೆ ಮೂರು ಸಲ ನೋಡಿದೆ, ಬರ್ತಿಲ್ಲ. ನೀರಿನ ತೂಕ ತೆಗೆದ ಮೇಲೆ ಉಳಿದಿದ್ದು ಎಂಟರ ಮಾಲೇ ಅಲ್ಲೇನ್ರಿ, ಅದಕ್ಕೆ ಪೂರಾ ರೇಟು ಕೊಡಬೇಕು, ಒಂದೇ ನೀರಿಗೆ ಎರಡು ಸಲ ದಂಡ ಹಾಕೋದು ಕಳ್ಳತನ, ಅದಕ್ಕೆ ಬೇರೆ ಹೆಸರಿಲ್ಲ. ಬಿತ್ತಿದಾಗ ಮಳೆ ಇಲ್ಲ, ಕಿತ್ತಾಗ ಮಳೆ, ಕಣದಲ್ಲಿ ಹದಿನೈದು ದಿನ ರಾತ್ರಿ ಕಾಯ್ದಾನೆ ಆ ಮನುಷ್ಯ, ಅರವತ್ತು ದಾಟಿದಾನೆ. ಅವನು ಅಂಗಡಿ ಮುಂದೆ ಕೈಕಟ್ಟಿ ನಿಂತು "ಸ್ವಲ್ಪ ನೋಡ್ರಿ ಸಾವ್ಕಾರ್ರೆ" ಅನ್ನಬೇಕು, ಯಾಕಂದ್ರೆ ಬೀಜ ಗೊಬ್ಬರಕ್ಕೆ ಮುಂಗಡ ಕೊಟ್ಟವ್ರೂ ಅವ್ರೇ. ಸಾಕಾಗಿ ಹೋಗೇತಿ.

ಲೆಟರ್ ಮುಗಿಸ್ತೀನಿ.

"ನನ್ನ ಲೆಕ್ಕ: 2,364 ಕೆಜಿ, 92ರಿಂದ ಭಾಗಿಸಿ 89ರಿಂದ ಗುಣಿಸಿದ್ರೆ 2,287 ಕೆಜಿ. 6,500ರಂತೆ 1,48,655 ರೂಪಾಯಿ. ನೀವು ಚೀಲ, ಸೂಟು, ನೀರು ಅಂತ ಮುರಿದು 2,143 ಕೆಜಿ ಮಾಡಿ, 6,300ರಂತೆ 1,35,009 ಕೊಟ್ಟೀರಿ. ಬರಬೇಕಾದ ಬಾಕಿ 13,646. ಇದರಲ್ಲಿ ತೂಕದ್ದು 144 ಕೆಜಿಗೆ 9,360, ರೇಟು ಮುರಿದಿದ್ದು 4,286. ವೇಬ್ರಿಡ್ಜ್ ಚೀಟಿ ಜೆರಾಕ್ಸ್ ಇಟ್ಟೀನಿ, ನಿಮ್ಮ ಬಿಳಿ ಚೀಟಿಗೆ ಹೆಸರು, ಸಹಿ ಇಲ್ಲ, ದಯವಿಟ್ಟು ಅಚ್ಚಿನ ಪಟ್ಟಿ ಕೊಡ್ರಿ. ಒಂದು ಪ್ರತಿ ಎಪಿಎಂಸಿ ಕಾರ್ಯದರ್ಶಿಗಳಿಗೆ ಕೊಟ್ಟೀನಿ.

ಮತ್ತ, ನನ್ನ ಖಾಲಿ ಚೀಲ ಅರವತ್ತೂ ನಿಮ್ಮ ಗೋಡೌನ್‌ನಲ್ಲೇ ಅದಾವ. ಸೋಮವಾರ ಮಗನ್ನ ಕಳಿಸ್ತೀನಿ, ತೂಗಿ ಕೊಡ್ರಿ. ನಿಮ್ಮ ಲೆಕ್ಕದಂಗೆ ಅವು 60 ಕೆಜಿ ಬರಬೇಕು. ಕಮ್ಮಿ ಬಿದ್ದಷ್ಟಕ್ಕೆ ಶೇಂಗಾ ಹಾಕಿ ಕೊಡ್ರಿ. ಒಣಗಿದ್ದು."