ಸಮಸಮ ಆಡಿದರೂ ಇಬ್ಬರೂ ಸೋಲ್ತಾರೆ, ಇದ್ಯಾವ ಕೌಶಲ?

ಮೈಯೆಲ್ಲಾ ಉರೀತಿದೆ. ಪಂಕ್ತಿ ತುಂಬಾ ನೆಂಟರು ಕೂತಿರೋವಾಗ ನಮ್ಮ ಭಾವ, ಫೋನಿನ ರಮ್ಮಿ ಆಪ್‌ನಲ್ಲಿ ದುಡ್ಡು ಕಳ್ಕೊಂಡ ನನ್ನ ತಮ್ಮನಿಗೆ ಹೇಳಿದ್ದಿದು: "ರಮ್ಮಿ ಜೂಜಲ್ಲ ಕಣೋ, ಕೌಶಲದ ಆಟ. ಸುಪ್ರೀಂ ಕೋರ್ಟೇ ಹೇಳಿದೆ. ನಿನಗೆ ತಲೆ ಓಡಲ್ಲ, ಸೋತೆ." ಯಾರೋ ಕಿಸಕ್ಕನೆ ನಕ್ಕರು. ಅವನು ಅನ್ನದ ಮಧ್ಯೆ ಗುಂಡಿ ಮಾಡಿಕೊಂಡು ಹಾಗೇ ಕೂತ. ಸಾರಿನವರು ಎರಡು ಸಲ "ಬಡಿಸಲಾ?" ಅಂದರೂ ತಲೆ ಎತ್ತಲಿಲ್ಲ. ಅಮ್ಮ ಎದ್ದು ಒಳಗೆ ಹೋದರು.

ತಲೆ ಓಡಲ್ವಂತೆ! ಲೆಕ್ಕ ನೋಡಿ. ಇಬ್ಬರು ತಲಾ 100 ರೂಪಾಯಿ ಹಾಕಿ ಕೂರೋ ಟೇಬಲ್. ಆಪ್ 15 ಪರ್ಸೆಂಟ್ ಕಟ್ ಮಾಡಿದರೆ ಗೆದ್ದವನಿಗೆ ಸಿಗೋದು 200 ಅಲ್ಲ, 170. 20 ಆಟದಲ್ಲಿ 10 ಗೆದ್ದು 10 ಸೋತ ಅನ್ನಿ. ತಾನು ಹಾಕಿದ 100 ಬಿಟ್ಟರೆ ಆಟಕ್ಕೆ 70ರಂತೆ ಗೆದ್ದಿದ್ದು 700, ಕಳೆದಿದ್ದು 1000. ಸಮಸಮ ಆಡಿಯೂ 300 ಹೋಯ್ತು. ಎದುರಿಗೆ ಕೂತವನದ್ದೂ 300 ಹೋಯ್ತು. ಒಟ್ಟು 600 ಆಪ್‌ನ ಜೇಬಿಗೆ. ಆಪ್‌ನ ಈ ಕಟ್ ದಾಟಿ ಒಂದಿಷ್ಟು ಉಳಿಸಬೇಕಾದರೆ 100ಕ್ಕೆ 59 ಆಟ ಗೆಲ್ಲಬೇಕು, ಅದೂ ತನ್ನಷ್ಟೇ ಚೆನ್ನಾಗಿ ಆಡೋನ ಎದುರು! ಅದು ಆಗೋ ಮಾತಾ?

ಭಾವ ಹೇಳಿದ ತೀರ್ಪು 1968ರದ್ದು. ಬಿದ್ದ ಎಲೆ ನೆನಪಿಡಬೇಕು, ಯಾವುದು ಹಿಡೀಬೇಕು ಯಾವುದು ಬಿಡಬೇಕು ಗೊತ್ತಿರಬೇಕು, ಹಾಗಾಗಿ ರಮ್ಮಿಯಲ್ಲಿ ಕೌಶಲವೇ ಹೆಚ್ಚು ಅಂತ ಕೋರ್ಟ್ ಹೇಳಿದ್ದು ನಿಜ. ಅದೇ ತೀರ್ಪು ಮೂರೆಲೆ ಆಟವನ್ನ ಬರೀ ಅದೃಷ್ಟ ಅಂದಿದೆ. ಮತ್ತೆ ತೀನ್ ಪತ್ತಿ ನಮ್ಮ ಹುಡುಗರ ಫೋನಿಗೆ ಹೇಗೆ ಬಂತು? ಇನ್ನೂ ಒಂದು ಮಾತಿದೆ, ಅದನ್ನ ಯಾರೂ ಹೇಳಲ್ಲ. ಕ್ಲಬ್ಬಿನವರು ಎಲೆಯ ಖರ್ಚಿಗೆ ಅಂತ ಒಂದಿಷ್ಟು ತಗೊಂಡರೆ ತಪ್ಪಲ್ಲ, ಆದರೆ ಪಣ ಕಟ್ಟಿ ಆಡಿಸೋ ಆಟದಿಂದಲೇ ಲಾಭ ಮಾಡಿಕೊಂಡರೆ, ರಮ್ಮಿಯೇ ಆದರೂ, ಅಪರಾಧ ಆಗಬಹುದು ಅಂತ ಅದರಲ್ಲೇ ಬರೆದಿದೆ.

ಏನು ಬರೆದಿದ್ದರೆ ಏನು ಬಂತು ಬಿಡಿ. 2021ರಲ್ಲಿ ನಮ್ಮ ರಾಜ್ಯ ದುಡ್ಡು ಕಟ್ಟಿ ಆಡೋ ಈ ಆನ್‌ಲೈನ್ ಆಟಗಳನ್ನ ನಿಷೇಧಿಸ್ತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನ ರದ್ದು ಮಾಡ್ತು. ಕಾರಣ ಅದೇ, ಕೌಶಲ. 2025ರ ಆಗಸ್ಟಲ್ಲಿ ಕೇಂದ್ರದ ಕಾನೂನು ಬಂತು: ಕೌಶಲವೋ ಅದೃಷ್ಟವೋ, ಆನ್‌ಲೈನಲ್ಲಿ ದುಡ್ಡು ಕಟ್ಟಿ ಆಡಿಸೋದೇ ಬೇಡ ಅಂತ. ಇಷ್ಟು ವರ್ಷ ಆದಮೇಲೆ! ಅದೂ ಕೋರ್ಟಿಗೆ ಹೋಗಿದೆ. ಹೋದ ದುಡ್ಡಂತೂ ಬರಲ್ಲ, ನಾನು ಕೂಗಾಡಿ ಏನೂ ಆಗಲ್ಲ ಅಂತಾನೂ ಗೊತ್ತು.

ಆದರೂ ಬಿಡಲ್ಲ, ಕೇಳೇ ಕೇಳ್ತೀನಿ. ಎಲೆ ಹಂಚೋ ಕಂಪ್ಯೂಟರಿಗೆ ಇಸ್ಪೀಟು ಕಟ್ಟು ಕೊಳ್ಳೋ ಖರ್ಚೂ ಇಲ್ಲ. ಪ್ರತಿ ಆಟದಲ್ಲೂ ಪಾಲು ಎತ್ತಿಕೊಳ್ಳೋದು ಲಾಭ ಅಲ್ಲದೆ ಇನ್ನೇನು? ಕ್ಲಬ್ಬಿಗೆ ಹೇಳಿದ ಆ ಮಾತು ಆಪ್‌ಗೆ ಯಾಕೆ ತಾಗಲಿಲ್ಲ? ಇಲ್ಲಿ ವಕೀಲರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.